ಒಂದೇ ರೂಮ್, ಮೂರು ರೆಂಡರ್: ಮೇಜು, ಮಂಚ, ಕಿಟಕಿ ಕಟ್ಟೆ ಎಲ್ಲಿ ಬಂದರೆ ಸರಿ?

ಬೆಂಗಳೂರಿನ ಎಚ್‌ಎಸ್‌ಆರ್ ಲೇಔಟಿನಲ್ಲಿ ಮನೆ ಮಾಲೀಕರೊಬ್ಬರು ತಮ್ಮ ಎರಡನೇ ಮಹಡಿಯನ್ನು ಕೋ-ಲಿವಿಂಗ್‌ಗೆ ಕೊಡಬೇಕೆಂದಿದ್ದರು. ಬರುವವರು ಹೆಚ್ಚಾಗಿ ಕೆಲಸಕ್ಕೆ ಹೋಗುವ ಹುಡುಗ ಹುಡುಗಿಯರು. ವಾರದಲ್ಲಿ ಎರಡು ಮೂರು ದಿನ ರೂಮಿನಿಂದಲೇ ಕೆಲಸ ಮಾಡುತ್ತಾರೆ. ಹಾಗಾಗಿ ಬೇಕಾದದ್ದು ಮೂರೇ: ಒಂದು ಪುಟ್ಟ ಮೇಜು, ಸಾಮಾನು ತುಂಬುವ ಮಂಚ, ಕಿಟಕಿ ಪಕ್ಕ ಕೂರಲು ಒಂದು ಕಟ್ಟೆ. ನಾನು ಮೂರು ಥರ ಜೋಡಿಸಿ, ಸಿದ್ಧವಾದ ರೂಮು ಹೇಗೆ ಕಾಣುತ್ತದೆಂದು ತೋರಿಸುವ ಕಂಪ್ಯೂಟರ್ ಚಿತ್ರ, ಅಂದರೆ ರೆಂಡರ್, ಮೂರು ಮಾಡಿ ಕಳಿಸಿದೆ. ಅವರು ಫೋನಿನಲ್ಲಿ ಹಿಂದೆ ಮುಂದೆ ಸರಿಸಿ ನೋಡಿ, "ಮೂರೂ ಚೆನ್ನಾಗೇ ಇದೆಯಲ್ಲಪ್ಪಾ, ಯಾವುದು ಮಾಡಿಸಲಿ?" ಅಂದರು.

ತಪ್ಪು ಅವರದಲ್ಲ. ರೆಂಡರ್ ಇರುವುದೇ ಚೆನ್ನಾಗಿ ಕಾಣಲು. ಅದರಲ್ಲಿ ಡ್ರಾಯರ್ ಮುಚ್ಚಿರುತ್ತದೆ, ಕುರ್ಚಿ ಮೇಜಿನ ಕೆಳಗೆ ಸೇರಿರುತ್ತದೆ, ವಾರ್ಡ್‌ರೋಬ್ ಬಾಗಿಲು ಹಾಕಿರುತ್ತದೆ. ನಾವು ರೂಮಿನಲ್ಲಿ ಇರುವುದು ಮಾತ್ರ ಇವೆಲ್ಲ ತೆರೆದಿರುವಾಗ. ಅದಕ್ಕೇ ಮೂರರ ಹೋಲಿಕೆಯನ್ನು ಚಿತ್ರ ನೋಡಿ ಮಾಡಬಾರದು. ಯಾವುದು ಎಷ್ಟು ತೆರೆಯುತ್ತದೆ, ಎಷ್ಟು ಹಿಂದೆ ಸರಿಯುತ್ತದೆ ಎಂದು ಲೆಕ್ಕ ಹಾಕಿ ಮಾಡಬೇಕು.

ಮೊದಲು ರೂಮು

ಪ್ಲಾನಿನಲ್ಲಿ 10 ಅಡಿ ಅಗಲ, 11 ಅಡಿ ಉದ್ದ. ಪ್ಲಾಸ್ಟರ್ ಆದ ಮೇಲೆ ಟೇಪ್ ಹಿಡಿದರೆ ಅಗಲ 9 ಅಡಿ 10 ಇಂಚು, ಅಂದರೆ 118 ಇಂಚು. ಎರಡು ಇಂಚು ಯಾವ ಲೆಕ್ಕ ಅನ್ನಬೇಡಿ, ಮುಂದೆ ಅದೇ ಬಂದು ಕೂರುತ್ತದೆ. ಒಳಗೆ ಬಂದರೆ ಎದುರಿಗೆ ಉತ್ತರದ ಗೋಡೆ. ಅದರ ನಡುವೆ 5 ಅಡಿಯ ಸ್ಲೈಡಿಂಗ್ ಕಿಟಕಿ, ನೆಲದಿಂದ 3 ಅಡಿ ಮೇಲೆ. ಎಡಗೋಡೆಯಲ್ಲಿ ಬಾಗಿಲ ಪಕ್ಕಕ್ಕೇ ಬಾತ್‌ರೂಮ್. ಬಲಗೋಡೆ ಪೂರ್ತಿ ಖಾಲಿ. ವಾರ್ಡ್‌ರೋಬ್ 3 ಅಡಿ ಅಗಲದ್ದು, ಅದು ಬಾಗಿಲಿರುವ ಗೋಡೆಗೇ ಬರಬೇಕು. ಬೇರೆ ಜಾಗವೇ ಇಲ್ಲ.

ಮೊದಲ ರೆಂಡರಿನಲ್ಲಿ ಮಂಚ ಬಲಗೋಡೆಗೆ, ಮೇಜು ಎಡಗೋಡೆಗೆ, ಕಿಟಕಿ ಕೆಳಗೆ ಈ ಗೋಡೆಯಿಂದ ಆ ಗೋಡೆಯವರೆಗೆ ಕಟ್ಟೆ. ಎರಡನೆಯದರಲ್ಲಿ ಮೇಜು ಮತ್ತು ಕಟ್ಟೆ ಎರಡೂ ಕಿಟಕಿ ಗೋಡೆಗೇ, ಒಂದೇ ಸಾಲಿನಲ್ಲಿ: ಸುಮಾರು 4 ಅಡಿ ಮೇಜು, ಉಳಿದದ್ದು ಕಟ್ಟೆ. ಮೂರನೆಯದರಲ್ಲಿ ಮಂಚವನ್ನೇ ಕಿಟಕಿ ಕೆಳಗೆ ಅಡ್ಡ ಹಾಕಿ, ದಿಂಬು ಜೋಡಿಸಿ, ಇದೇ ವಿಂಡೋ ಸೀಟ್ ಅಂದಿದ್ದೆ. ಮಾಲೀಕರ ಮಗಳಿಗೆ ಮೂರನೆಯದೇ ಇಷ್ಟ. ನಡುವೆ ಅಷ್ಟೊಂದು ಖಾಲಿ ನೆಲ ಕಂಡರೆ ಯಾರಿಗೆ ಇಷ್ಟವಾಗುವುದಿಲ್ಲ ಹೇಳಿ?

ಚಿತ್ರದಲ್ಲಿ ಸುಳ್ಳು ಎಲ್ಲಿದೆ ಎಂದು ಹಿಡಿಯುವುದು

ಹೋಲಿಸುವ ಮೊದಲು ಮೂರೂ ರೆಂಡರ್ ಒಂದೇ ಕ್ಯಾಮೆರಾದಲ್ಲಿ ಬಂದಿವೆಯೇ ನೋಡಿ. ಸಣ್ಣ ರೂಮನ್ನು ಒಂದೇ ಚಿತ್ರದಲ್ಲಿ ಹಿಡಿಯಲು ನಾವು 18 ಎಂಎಂ ಲೆನ್ಸ್ ಹಾಕುತ್ತೇವೆ. ಅಡ್ಡಕ್ಕೆ ಹತ್ತಿರ ಹತ್ತಿರ 90 ಡಿಗ್ರಿ ಕಾಣುತ್ತದೆ. ಅದೇ 35 ಎಂಎಂ ಆದರೆ ಕಾಣುವುದು ಸುಮಾರು 54 ಡಿಗ್ರಿ. 18ರಲ್ಲಿ ಎದುರಿನ ಗೋಡೆ ದೂರ ಓಡುತ್ತದೆ, ಅಂಚಿನಲ್ಲಿರುವ ಕುರ್ಚಿ ಮೊಟ್ಟೆಯಂತೆ ಉದ್ದವಾಗುತ್ತದೆ. ಇನ್ನೊಂದು ಉಪಾಯವೂ ಇದೆ: ಬಾಗಿಲಿರುವ ಗೋಡೆಯನ್ನೇ ತೆಗೆದು ಕ್ಯಾಮೆರಾವನ್ನು ಪ್ಯಾಸೇಜಿನಲ್ಲಿ ನಿಲ್ಲಿಸುವುದು. ನೀವು ಜನ್ಮದಲ್ಲಿ ನಿಲ್ಲಲಾಗದ ಜಾಗದಿಂದ ತೆಗೆದ ಚಿತ್ರ ಅದು.

ಇದಕ್ಕೆಲ್ಲ ಸಾಫ್ಟ್‌ವೇರ್ ಗೊತ್ತಿರಬೇಕಿಲ್ಲ. ನೆಲದ ಟೈಲ್ಸ್ ಎಣಿಸಿ. ಎರಡಡಿಗೆ ಎರಡಡಿ ವಿಟ್ರಿಫೈಡ್ ಟೈಲ್ ಹಾಕುವುದಾದರೆ, 10 ಅಡಿ ಅಗಲದಲ್ಲಿ ಐದು ಟೈಲ್ ಬರಬೇಕು. ಚಿತ್ರದಲ್ಲಿ ಏಳು ಕಂಡರೆ ರೂಮನ್ನು ಹಿಗ್ಗಿಸಿದ್ದಾರೆ, ಇಲ್ಲವೇ ಟೈಲನ್ನು ಕುಗ್ಗಿಸಿದ್ದಾರೆ. ಮಂಚಕ್ಕೆ ದಿಂಬು ನೋಡಿ. ನಮ್ಮ ಮಾಮೂಲಿ ದಿಂಬು 27 ಇಂಚು ಉದ್ದ. 36 ಇಂಚಿನ ಸಿಂಗಲ್ ಹಾಸಿಗೆ ಮೇಲೆ ಅಡ್ಡ ಇಟ್ಟರೆ ಎರಡೂ ಕಡೆ ನಾಲ್ಕೂವರೆ ಇಂಚು ಮಾತ್ರ ಉಳಿಯಬೇಕು. ಎರಡು ದಿಂಬು ಅಕ್ಕಪಕ್ಕ ಆರಾಮಾಗಿ ಮಲಗಿದ್ದರೆ ಅದು ಸಿಂಗಲ್ ಮಂಚ ಅಲ್ಲ, ಅಥವಾ ದಿಂಬು ಗೊಂಬೆಯದು.

ಬಿಸಿಲಿನದೂ ಅದೇ ಕಥೆ. ನನ್ನ ಮೊದಲ ಡ್ರಾಫ್ಟಿನಲ್ಲೂ ಹಾಸಿಗೆ ಮೇಲೆ ಬಂಗಾರದ ಬಿಸಿಲು ಬಿದ್ದಿತ್ತು, ಒಪ್ಪಿಕೊಳ್ಳುತ್ತೇನೆ. ಉತ್ತರದ ಕಿಟಕಿಯಿಂದ ಅದು ಹೇಗೆ ಬಂತು? ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಾತ್ರ ನಡುಹಗಲ ಸೂರ್ಯ ನೆತ್ತಿಯಿಂದ ಸ್ವಲ್ಪ ಉತ್ತರಕ್ಕೆ ವಾಲುತ್ತಾನೆ. ಆಗಲೂ ಅಷ್ಟು ಎತ್ತರದಲ್ಲಿರುತ್ತಾನೆ, ಕಿಟಕಿ ಮೇಲಿನ ಸಜ್ಜಾವೇ ತಡೆದುಬಿಡುತ್ತದೆ. ಚಳಿಗಾಲದಲ್ಲಂತೂ ಈ ಕಿಟಕಿಗೆ ನೇರ ಬಿಸಿಲೇ ಇಲ್ಲ. ಜೊತೆಗೆ ಹೊರಗೆ ಆರಡಿ ದೂರದಲ್ಲಿ ಪಕ್ಕದ ಕಟ್ಟಡದ ಗೋಡೆ. ರೆಂಡರಿನಲ್ಲಿ ಅಲ್ಲಿ ಮರಗಳಿದ್ದವು. ಸೈಟಿಗೆ ಹೋಗಿ ಅದೇ ಕಿಟಕಿಯಿಂದ ಫೋಟೋ ತೆಗೆದು ಮೂರರಲ್ಲೂ ಹಿಂದೆ ಹಾಕಿದೆ. ಕಟ್ಟೆಗೆ ಅಷ್ಟು ಖರ್ಚು ಮಾಡಬೇಕೇ ಎಂಬ ಪ್ರಶ್ನೆ ಆಗ ತಾನಾಗಿಯೇ ಎದ್ದಿತು.

ಮೇಜು: ಲೆಕ್ಕ ಇರುವುದು ಕುರ್ಚಿಯಲ್ಲಿ

ಬರೀ ಲ್ಯಾಪ್‌ಟಾಪ್ ಇಡುವವರಿಗೆ 18 ಇಂಚು ಆಳದ ಮೇಜು ನಡೆಯುತ್ತದೆ. ಮಾನಿಟರ್ ಇಟ್ಟರೆ ಸಾಲದು. ಸ್ಟ್ಯಾಂಡಿನ ಬುಡ, ಕೀಬೋರ್ಡ್, ಕಣ್ಣಿಗೆ ಒಂದು ತೋಳಿನಷ್ಟು ದೂರ, ಇಷ್ಟಕ್ಕೆ 22ರಿಂದ 24 ಇಂಚು ಬೇಕು. ಎತ್ತರ 29 ಅಥವಾ 30. ಗೋಡೆಗೆ ಮಡಿಚುವ ಮೇಜು ರೆಂಡರಿನಲ್ಲಿ ಭಾರಿ ಚುರುಕಾಗಿ ಕಾಣುತ್ತದೆ. ಆದರೆ ದಿನಾ ಮಾನಿಟರ್ ಎತ್ತಿಟ್ಟು ಮೇಜು ಮಡಿಚುವವರನ್ನು ನಾನಂತೂ ನೋಡಿಲ್ಲ. ಅದನ್ನು ಬಿಟ್ಟೇಬಿಡೋಣ.

ಮೊದಲ ಜೋಡಣೆಗೆ ಅಡ್ಡಲೆಕ್ಕ ಹೀಗಿದೆ. ಮೇಜು 22 ಇಂಚು. ಕುರ್ಚಿ ಹಿಂದಕ್ಕೆ ತಳ್ಳಿ ಏಳಲು 30. ಕುರ್ಚಿಯ ಹಿಂದೆ ಒಬ್ಬರು ನಡೆದುಹೋಗಲು 24. ಮಂಚದ ಚೌಕಟ್ಟು 39. ಒಟ್ಟು 115 ಇಂಚು. ನಮ್ಮಲ್ಲಿರುವುದು 118. ಪ್ಲಾನಿನ 120 ನಂಬಿ ಮೇಜನ್ನು 27 ಇಂಚು ಮಾಡಿಸಿದ್ದರೆ ಓಡಾಟ ಅಲ್ಲಿಗೇ ಮುಗಿಯುತ್ತಿತ್ತು. ಒಂದು ರಿಯಾಯಿತಿ ಇದೆ. ರೂಮಿನಲ್ಲಿ ಒಬ್ಬರೇ ಇರುವುದಾದರೆ, ಅವರು ಕುರ್ಚಿಯಲ್ಲಿದ್ದಾಗ ಹಿಂದೆ ನಡೆಯುವವರು ಯಾರೂ ಇಲ್ಲ. ಆಗ 24ರ ಬದಲು 12 ಸಾಕು, ಕುರ್ಚಿ ತಿರುಗಲು. ಅಂದರೆ 103 ಇಂಚು, ಎಂಟೂವರೆ ಅಡಿ ಚಿಲ್ಲರೆ ಅಗಲದ ರೂಮಿನಲ್ಲೂ ಮೊದಲ ಜೋಡಣೆ ಬರುತ್ತದೆ. ಇಬ್ಬರು ಹಂಚಿಕೊಳ್ಳುವ ರೂಮಿಗೆ ಈ ರಿಯಾಯಿತಿ ಇಲ್ಲ.

ಎರಡನೇ ಜೋಡಣೆಯಲ್ಲಿ ಮೇಜು ಕಿಟಕಿಗೆ ಮುಖ ಮಾಡುತ್ತದೆ. ವೀಡಿಯೋ ಕಾಲ್‌ಗೆ ಇದು ಒಳ್ಳೆಯದು, ಮುಖದ ಮೇಲೆ ಬೆಳಕು ಚೆನ್ನಾಗಿ ಬೀಳುತ್ತದೆ. ಆದರೆ ಮಾನಿಟರಿನ ಹಿಂದೆ ಹೊಳೆಯುವ ಆಕಾಶ ಇದ್ದರೆ ಕಣ್ಣು ಬೇಗ ಸೋಲುತ್ತದೆ. ಉತ್ತರದ ಕಿಟಕಿಯಾದ್ದರಿಂದ ಇಲ್ಲಿ ಅಷ್ಟು ಕಷ್ಟವಿಲ್ಲ. ಅದೇ ಪಶ್ಚಿಮವಾಗಿದ್ದರೆ ಮಧ್ಯಾಹ್ನ ಮೂರರ ಮೇಲೆ ಪರದೆ ಎಳೆದು ಕೂರಬೇಕು, ಕಿಟಕಿ ಇದ್ದೂ ಇಲ್ಲದ ಹಾಗೆ. ಮೇಜು 30 ಇಂಚಿನಲ್ಲಿ, ಕಿಟಕಿ ಶುರುವಾಗುವುದು 36ರಲ್ಲಿ. 24 ಇಂಚಿನ ಮಾನಿಟರ್ ಸ್ಟ್ಯಾಂಡ್ ಮೇಲೆ ನಿಂತರೆ ಕಿಟಕಿಯ ಕೆಳಗಿನ ಒಂದಡಿ ಮುಚ್ಚಿತು. ಅದರ ಹಿಂದೆ ಕೈ ಹಾಕಿ ಸೊಳ್ಳೆ ಜಾಲರಿ ಎಳೆಯಬೇಕು. ಆಮೇಲೆ ಕ್ಯಾಮೆರಾದಲ್ಲಿ ನಿಮ್ಮ ಬೆನ್ನ ಹಿಂದೆ ಏನು ಕಾಣುತ್ತದೆ? ಈ ರೂಮಿನಲ್ಲಾದರೆ ಬಾತ್‌ರೂಮ್ ಬಾಗಿಲು.

ಮೊದಲನೆಯದರಲ್ಲಿ ಬೆಳಕು ಬಲಗಡೆಯಿಂದ, ಸ್ಕ್ರೀನಿಗೆ ಅಡ್ಡವಾಗಿ ಬರುತ್ತದೆ. ಸ್ಕ್ರೀನ್ ಮೇಲೆ ಪ್ರತಿಫಲನವೂ ಇಲ್ಲ, ಕಣ್ಣಿಗೆ ಹೊಡೆಯುವುದೂ ಇಲ್ಲ. ಬೆನ್ನ ಹಿಂದೆ ಮಂಚ ಕಾಣುತ್ತದೆ, ಅದು ನಿಜ. ಬೆಳಿಗ್ಗೆ ಬೆಡ್‌ಶೀಟ್ ಸರಿಮಾಡಿಕೊಂಡರಾಯಿತು.

ರೆಂಡರಿನಲ್ಲಿ ಕಾಣದ ಇನ್ನೊಂದಿದೆ: ಸ್ವಿಚ್‌ಬೋರ್ಡ್. ಲ್ಯಾಪ್‌ಟಾಪ್, ಮಾನಿಟರ್, ಫೋನ್, ಟೇಬಲ್ ಲ್ಯಾಂಪ್ ಎಂದರೆ ನಾಲ್ಕು ಪ್ಲಗ್. ಅವು ಮೇಜಿನ ಮೇಲೆ ಗೋಡೆಯಲ್ಲೇ ಬರಬೇಕು. ಮೇಜು ಬಂದ ಮೇಲೆ ಗೋಡೆ ಕೊರೆಯುವುದು ಯಾರಿಗೆ ಬೇಕು?

ಮಂಚ: ಎಲ್ಲವನ್ನೂ ತೀರ್ಮಾನಿಸುವುದು ಸೂಟ್‌ಕೇಸ್

ಸ್ಟೋರೇಜ್ ಮಂಚದಲ್ಲಿ ಎರಡು ಬಗೆ. ಪಕ್ಕಕ್ಕೆ ಎಳೆಯುವ ಡ್ರಾಯರ್, ಅಥವಾ ಹಾಸಿಗೆ ಸಮೇತ ಮೇಲೇಳುವ ಹೈಡ್ರಾಲಿಕ್. ರೆಂಡರ್ ನೋಡಿದರೆ ಡ್ರಾಯರೇ ಗೆಲ್ಲುತ್ತದೆ. ಹಿಡಿಗಳು ಕಾಣುತ್ತವೆ, "ಸ್ಟೋರೇಜ್ ಇದೆ" ಎಂದು ಚಿತ್ರವೇ ಹೇಳುತ್ತದೆ. ಹೈಡ್ರಾಲಿಕ್ ಮಂಚ ಚಿತ್ರದಲ್ಲಿ ಬರೀ ಒಂದು ಪೆಟ್ಟಿಗೆ.

ಒಳಗಿನ ಜಾಗ ಅಳೆದರೆ ಮಾತು ತಿರುಗುತ್ತದೆ. 39 ಇಂಚು ಅಗಲ, 78 ಇಂಚು ಉದ್ದದ ಮಂಚದ ಪೆಟ್ಟಿಗೆಯೊಳಗೆ ಸುಮಾರು 34 ಇಂಚಿಗೆ 74 ಇಂಚು ಸಿಗುತ್ತದೆ. ಡ್ರಾಯರ್ ಆದರೆ ಅದು ಜಾರುವ ಚಾನೆಲ್ 18 ಇಂಚಿನದು. ಆದ್ದರಿಂದ ಡ್ರಾಯರ್ ಮಂಚದ ಅರ್ಧ ಅಗಲಕ್ಕೇ ನಿಲ್ಲುತ್ತದೆ. ಗೋಡೆ ಕಡೆಯ ಅರ್ಧ ದೂಳಿಗೆ ಬಿಟ್ಟ ಜಾಗ. ನಮ್ಮ ರೂಮಿನಲ್ಲಿ ಇನ್ನೊಂದು ತೊಡಕು: ಮಂಚದ ತಲೆಯ ಕಡೆ ಎರಡಡಿ ವಾರ್ಡ್‌ರೋಬ್‌ಗೆ ಒತ್ತಿಕೊಂಡಿದೆ, ಅಲ್ಲಿ ಡ್ರಾಯರ್ ತೆರೆಯುವುದೇ ಇಲ್ಲ. ಉಳಿದದ್ದರಲ್ಲಿ ಎರಡು ಡ್ರಾಯರ್. ಎರಡೂ ಸೇರಿಸಿದರೆ ಹೈಡ್ರಾಲಿಕ್ ಪೆಟ್ಟಿಗೆಯ ಮೂರನೇ ಒಂದು ಭಾಗವೂ ಆಗುವುದಿಲ್ಲ.

ಆಮೇಲೆ ಎತ್ತರ. ಡ್ರಾಯರಿನ ಒಳಗೆ ಸಿಗುವುದು ಎಂಟೊಂಬತ್ತು ಇಂಚು. ಊರಿನಿಂದ ಬರುವ ಹುಡುಗ ತರುವುದು ಒಂದು ದೊಡ್ಡ ಸೂಟ್‌ಕೇಸ್, ಮಲಗಿಸಿದರೆ ಒಂದಡಿ ದಪ್ಪ. ಡ್ರಾಯರಿಗೆ ಹೋಗಲ್ಲ. ವಾರ್ಡ್‌ರೋಬ್ ಮೇಲೆ ಇಟ್ಟರೆ ಚಿತ್ರದ ಅಂದ ಮೊದಲ ದಿನವೇ ಹೋಯಿತು. ನಾನು ಹಿಂದೆ ಮಾಡಿದ ಒಂದು ರೂಮಿನಲ್ಲಿ ಹೀಗೇ ಆಗಿತ್ತು. ಡ್ರಾಯರ್ ಮಂಚ ಮಾಡಿಸಿದೆ, ಆರು ತಿಂಗಳ ಮೇಲೆ ಹೋಗಿ ನೋಡಿದರೆ ಸೂಟ್‌ಕೇಸ್ ವಿಂಡೋ ಸೀಟಿನ ಮೇಲೆ ಕೂತಿತ್ತು. ಮನುಷ್ಯ ಮಂಚದ ಮೇಲೆ ಕೂತು ಮಡಿಲಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದ.

ಹಾಗಂತ ಹೈಡ್ರಾಲಿಕ್‌ಗೆ ಕಾಯಿಲೆ ಇಲ್ಲ ಅಂತಲ್ಲ. ಹೆಸರಿಗೆ ಹೈಡ್ರಾಲಿಕ್, ಒಳಗಿರುವುದು ಒತ್ತಿ ತುಂಬಿದ ಗ್ಯಾಸ್ ಇರುವ ಎರಡು ಕೊಳವೆ. ಎಷ್ಟು ನ್ಯೂಟನ್ ಎಂದು ಅದರ ಮೇಲೇ ಬರೆದಿರುತ್ತದೆ. ಹಾಸಿಗೆ ತೂಕಕ್ಕೆ ಅದು ಹೊಂದಬೇಕು. ಹಗುರ ಫೋಮ್ ಹಾಸಿಗೆಗೆ ಜೋರಿನ ಕೊಳವೆ ಹಾಕಿದರೆ ಮಂಚ ಮುಚ್ಚಲು ಮೇಲೆ ಹತ್ತಿ ಕೂರಬೇಕು. ತೆಂಗಿನ ನಾರಿನ ಭಾರದ ಹಾಸಿಗೆಗೆ ಬಡ ಕೊಳವೆ ಹಾಕಿದರೆ ಮುಚ್ಚಳ ಕೈ ಮೇಲೆ ಬೀಳುತ್ತದೆ. ಕೋ-ಲಿವಿಂಗ್‌ನಲ್ಲಿ ಜನ ಬದಲಾಗುತ್ತಾರೆ, ಒಬ್ಬರು ತಮ್ಮ ಹಾಸಿಗೆ ತಂದೇ ತರುತ್ತಾರೆ. ಪರೀಕ್ಷೆ ಸುಲಭ: ಹಾಸಿಗೆ ಹಾಕಿ ಅರ್ಧ ಎತ್ತಿ, ಕೈ ಹತ್ತಿರವೇ ಇಟ್ಟುಕೊಂಡು ಹಿಡಿತ ಸಡಿಲಿಸಿ. ನಿಂತರೆ ಅಥವಾ ನಿಧಾನ ಮೇಲೆ ಹೋದರೆ ಸರಿ. ಇಳಿಯಲು ಶುರುವಾದರೆ ಜೋಡಿ ಬದಲಿಸುವ ಹೊತ್ತು. ಒಂದನ್ನೇ ಬದಲಿಸಿದರೆ ಮುಚ್ಚಳ ಓರೆಯಾಗಿ ಏಳುತ್ತದೆ, ಎರಡನ್ನೂ ಬದಲಿಸಿ.

ಕಾಲಿನ ಕಡೆಯಿಂದ ಎತ್ತುವ ಮಂಚಕ್ಕೆ ಅಲ್ಲಿ ನಿಲ್ಲಲು ಜಾಗ ಬೇಕು. ನಮ್ಮ ಉದ್ದ 132 ಇಂಚು. ಅದರಲ್ಲಿ ಮಂಚ 78, ಕಟ್ಟೆ 20. ಉಳಿಯುವುದು 34. ನಿಂತು ಎತ್ತಲು ಸಾಕು. ಇನ್ನೊಂದು ಮಾತು: ಹೊರಗೋಡೆಗೆ ತಾಗಿದ ಮುಚ್ಚಿದ ಪೆಟ್ಟಿಗೆಯಲ್ಲಿ ಮಳೆಗಾಲಕ್ಕೆ ಬಟ್ಟೆ ಬೂಸ್ಟು ಹಿಡಿಯುತ್ತದೆ. ತಳದ ಪ್ಲೈಗೆ ಎಂಟು ಹತ್ತು ತೂತು ಹಾಕಿಸಿ, ಗೋಡೆಯಿಂದ ಒಂದಿಂಚು ದೂರ ಇರಲಿ.

ಕಟ್ಟೆ: ಬೆನ್ನು ಎಲ್ಲಿಗೆ ಒರಗುತ್ತದೆ?

ಚಿತ್ರಗಳಲ್ಲಿ ಕಾಣುವ ಚೆಂದದ ವಿಂಡೋ ಸೀಟ್‌ಗಳು ಹೊರಕ್ಕೆ ಚಾಚಿದ ಕಿಟಕಿಗಳವು. ಅಲ್ಲಿ ಗೋಡೆಯೇ ಗೂಡಿನಂತೆ ಸುತ್ತುವರಿದಿರುತ್ತದೆ. ನಮ್ಮ ಎಂಟಿಂಚು ಬ್ಲಾಕ್ ಗೋಡೆಯಲ್ಲಿ ಆ ಆಳ ಇಲ್ಲ, ಹಾಗಾಗಿ ಕಟ್ಟೆ ರೂಮಿನೊಳಕ್ಕೇ ಬರಬೇಕು. ಗೋಡೆಯಿಂದ ಗೋಡೆಗೆ 20 ಇಂಚು ಆಳದ ಕಟ್ಟೆ ಅಂದರೆ 16 ಚದರ ಅಡಿ. 108 ಚದರ ಅಡಿಯ ರೂಮಿನಲ್ಲಿ ಅದು ಸುಮಾರು ಏಳನೇ ಒಂದು ಭಾಗ. ಅಷ್ಟು ಬಾಡಿಗೆಯ ಜಾಗ ಕೊಟ್ಟ ಮೇಲೆ ಅದು ಬರೀ ಕಾಫಿ ಲೋಟ ಇಡುವ ಜಾಗವಾಗಬಾರದು, ಅಲ್ವಾ?

ಕಿಟಕಿಗೆ ಬೆನ್ನು ಹಾಕಿ ಕೂತರೆ ಹೊರಗೆ ಕಾಣುವುದಿಲ್ಲ. ಹೊರಗೆ ನೋಡಲು ಪಕ್ಕಕ್ಕೆ ತಿರುಗಿ ಕಾಲು ಚಾಚಬೇಕು, ಆಗ ಬೆನ್ನಿಗೆ ಒಂದು ಗೋಡೆ ಬೇಕು. ಕಿಟಕಿ ನಡುವೆ ಇದೆ, ಕಟ್ಟೆಯನ್ನು ಬರೀ ಕಿಟಕಿ ಅಗಲಕ್ಕೆ 5 ಅಡಿ ಮಾಡಿದರೆ ಎರಡೂ ತುದಿಯಲ್ಲಿ ಗಾಳಿ. ಅದಕ್ಕೆ ಮೊದಲ ಜೋಡಣೆಯಲ್ಲಿ ಗೋಡೆಯವರೆಗೂ ಒಯ್ದದ್ದು. ಬಲಗೋಡೆಗೆ ಒರಗಿದರೆ ಕಾಲು ಚಾಚಿ ಓದಬಹುದು. ಎರಡನೆಯದರಲ್ಲೂ ಒಂದು ತುದಿಗೆ ಗೋಡೆ ಸಿಗುತ್ತದೆ. ಕೂರುವ ಎತ್ತರ ಮೆತ್ತೆ ಸೇರಿ 18 ಇಂಚು. ಕಟ್ಟೆ ಮೇಲೆ ನಿಂತವರಿಗೆ 3 ಅಡಿಯ ಕಿಟಕಿ ಗೋಡೆ ಒಂದೂವರೆ ಅಡಿ ಮಾತ್ರ ಉಳಿಯುತ್ತದೆ. ಆದ್ದರಿಂದ ಗ್ರಿಲ್ ಬೇಕೇ ಬೇಕು, ರೆಂಡರಿನಲ್ಲಿ ಅಳಿಸಿದ್ದರೂ.

ಮೂರನೆಯದರಲ್ಲಿ ಮಂಚವೇ ಕಟ್ಟೆ. ಇಲ್ಲಿ ನನಗೆ ಸಮಾಧಾನವಿಲ್ಲ. ಸ್ಲೈಡಿಂಗ್ ಕಿಟಕಿಯ ಕೆಳಗಿನ ಟ್ರ್ಯಾಕಿನಲ್ಲಿ ನೀರು ಹೋಗುವ ಸಣ್ಣ ತೂತುಗಳಿರುತ್ತವೆ. ದೂಳು ತುಂಬಿ ಅವು ಕಟ್ಟಿಕೊಂಡರೆ, ಗಾಳಿ ಮಳೆಯ ಒಂದು ಸಂಜೆ ನೀರು ಒಳಕ್ಕೆ ಇಳಿಯುತ್ತದೆ. ಆಫೀಸಿನಿಂದ ಬಂದು ನೋಡಿದರೆ ಹಾಸಿಗೆ ಒದ್ದೆ. ಕಟ್ಟೆಯಾದರೆ ಒರೆಸಿ ಮೆತ್ತೆ ಒಣಗಿಸಬಹುದು. ಕಟ್ಟೆಗೆ ಐಎಸ್ 710 ಮುದ್ರೆ ಇರುವ, ಕುದಿನೀರಿಗೂ ತಡೆಯುವ ಬಿಡಬ್ಲ್ಯುಪಿ ಪ್ಲೈಯನ್ನೇ ಹಾಕಿಸಿ. ವಾರ್ಡ್‌ರೋಬ್‌ಗೆ ಹಾಕುವ, ತೇವಕ್ಕೆ ಮಾತ್ರ ತಡೆಯುವ ಎಂಆರ್ ಪ್ಲೈ ಇಲ್ಲಿ ಉಬ್ಬುತ್ತದೆ. ಜೊತೆಗೆ ಮಂಚ ಅಡ್ಡ ಇದ್ದರೆ ಕಿಟಕಿ ಹಾಕಲು ಪ್ರತಿಸಲ ಹಾಸಿಗೆ ಹತ್ತಬೇಕು.

ಕಟ್ಟೆ ಕೆಳಗೆ ಡ್ರಾಯರ್ ಇರಲಿ, ಮೇಲಿಂದ ತೆರೆಯುವ ಮುಚ್ಚಳ ಬೇಡ. ಮೆತ್ತೆ ಎತ್ತಿ ಮುಚ್ಚಳ ತೆಗೆಯುವ ಕೆಲಸವನ್ನು ಯಾರೂ ಎರಡನೇ ವಾರದ ಮೇಲೆ ಮಾಡುವುದಿಲ್ಲ. ದಿನಾ ಬೇಕಾದ್ದು ಕಟ್ಟೆಯ ಡ್ರಾಯರಿಗೆ, ಊರಿಗೆ ಹೋಗುವಾಗ ಬೇಕಾದ್ದು ಮಂಚದೊಳಕ್ಕೆ. ನೆಲದವರೆಗೆ ಇಳಿಯುವ ಪರದೆಯನ್ನೂ ಮರೆತುಬಿಡಿ, ಕಟ್ಟೆ ಅಡ್ಡ ಬರುತ್ತದೆ. ರೋಲರ್ ಬ್ಲೈಂಡ್ ಸಾಕು.

ಯಾವುದು ಆರಿಸಿದೆವು

ಈ ರೂಮಿಗೆ ಮೊದಲನೆಯದು, ಹೈಡ್ರಾಲಿಕ್ ಮಂಚದ ಜೊತೆ. ಅಗಲ ಎಂಟೂವರೆ ಅಡಿಗಿಂತ ಕಡಿಮೆ ಇದ್ದಿದ್ದರೆ ಎರಡನೆಯದನ್ನೇ ಹೇಳುತ್ತಿದ್ದೆ, ಕಿಟಕಿ ಪಶ್ಚಿಮಕ್ಕಿಲ್ಲದಿದ್ದರೆ. ಕಟ್ಟೆಗೂ ಮೇಜಿಗೂ ಎರಡಕ್ಕೂ ಜಾಗವೇ ಇಲ್ಲದ ತೀರ ಸಣ್ಣ ರೂಮಿಗೆ ಮಾತ್ರ ಮೂರನೆಯದು, ಅದೂ ಮೇಲೆ ಅಗಲ ಸಜ್ಜಾ ಇದ್ದರೆ.

ಆಮೇಲೆ ಅದೇ ಕ್ಯಾಮೆರಾದಲ್ಲಿ ಇನ್ನೊಂದು ರೆಂಡರ್ ಮಾಡಿದೆ. ಮಂಚ ಎತ್ತಿದೆ, ಕಟ್ಟೆಯ ಡ್ರಾಯರ್ ಹೊರಗಿದೆ, ವಾರ್ಡ್‌ರೋಬ್ ತೆರೆದಿದೆ, ಕುರ್ಚಿ ಹಿಂದೆ ಸರಿದಿದೆ, ಸಂಜೆ ಏಳರ ಟ್ಯೂಬ್‌ಲೈಟ್ ಬೆಳಕು. ನೋಡಲು ಏನೂ ಚೆನ್ನಾಗಿಲ್ಲ. ಮಾಲೀಕರು ಅದನ್ನೇ ಪ್ರಿಂಟ್ ಹಾಕಿಸಿ ಬಡಗಿ ಮೇಸ್ತ್ರಿಗೆ ಕೊಟ್ಟರು. ಮೇಸ್ತ್ರಿ ಖಾಲಿ ರೂಮಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮಂಚ, ಮೇಜು, ಕಟ್ಟೆ ಬರೆದರು. ಕೆಳಗಿನ ಮನೆಯಿಂದ ಒಂದು ಕುರ್ಚಿ ತಂದು ಕೂತು ಹಿಂದೆ ತಳ್ಳಿ ನೋಡಿದೆವು, ಗೆರೆ ದಾಟಲಿಲ್ಲ. ಕೊನೆಗೆ ಮಾಲೀಕರ ಮಗಳು ತನ್ನ ದೊಡ್ಡ ಸೂಟ್‌ಕೇಸ್ ತಂದು ಮಂಚದ ಗೆರೆಯೊಳಗೆ ಮಲಗಿಸಿದಳು. ಚಕ್ರ ಸೇರಿ ಹನ್ನೆರಡೂವರೆ ಇಂಚು. ನನ್ನ ಡ್ರಾಯಿಂಗಿನಲ್ಲಿ ಪೆಟ್ಟಿಗೆಯ ಒಳ ಎತ್ತರ 12 ಇತ್ತು. ಮೇಸ್ತ್ರಿ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಅದನ್ನು ಹೊಡೆದು 13 ಎಂದು ಬರೆದರು.